ಮೊದಲು ಒಪ್ಪಿಗೆ, ಅನಂತರ ಧ್ವನಿ

ಹಲ್ಮಿಡಿ ಶಾಸನವನ್ನು ಕುರಿತು ಐದು ನಿಮಿಷದ ವಿಡಿಯೋ ಒಂದನ್ನು ಮೂವರು ಸ್ವಯಂಸೇವಕರು ಸಿದ್ಧಪಡಿಸುವರೆಂದು ಭಾವಿಸೋಣ. ವಿದ್ವಾಂಸರು ಮೈಸೂರಿನಲ್ಲಿ, ವಾಚಕರು ಮುಂಬಯಿಯ ಹೋಟೆಲಿನ ಪಾಳಿಯಲ್ಲಿ, ಸಂಕಲನಕಾರರು ಪುಣೆಯ ಕಚೇರಿಯಲ್ಲಿ. ಎಲ್ಲವೂ ಮುಗಿದ ಮೇಲೆ ವಿದ್ವಾಂಸರು, “ಶಾಸನದಲ್ಲಿ ವರ್ಷವನ್ನು ಕೆತ್ತಿಲ್ಲ, ‘ಸುಮಾರು ಕ್ರಿ.ಶ. 450’ ಎನ್ನಬೇಕು” ಎನ್ನುತ್ತಾರೆ. ಒಂದೇ ಪದ! ಆದರೆ ಬೇರೊಂದು ದಿನ, ಬೇರೊಂದು ಕೋಣೆಯಲ್ಲಿ ಮುದ್ರಿಸಿದ ಆ ಪದ ತೇಪೆಯಂತೆ ಕೇಳಿಸುತ್ತದೆ. ವಾಕ್ಯವನ್ನೇ ಮತ್ತೆ ಓದಿಸಿದರೆ ಮುಂದಿನ ಚಿತ್ರ, ಅಡಿಬರಹಗಳೆಲ್ಲ ಸ್ಥಾನ ತಪ್ಪುತ್ತವೆ.

ಇದು ವ್ಯಕ್ತಿಗಳ ದೋಷವಲ್ಲ, ಕ್ರಮದ ದೋಷ. ಮೂವರ ಕೈಯಲ್ಲೂ ಒಂದೇ ಪಟ್ಟಿಯಿರಲಿ; ಅದರಲ್ಲಿ ಮೂರು ಒಪ್ಪಿಗೆಗಳಿರಲಿ. ಮೊದಲನೆಯದು ಬರಹಕ್ಕೆ: ಕಾಲ, ಹೆಸರು, ಚಿತ್ರಗಳನ್ನು ವಿದ್ವಾಂಸರು ನೋಡಿ, ದಿನಾಂಕದೊಡನೆ ಸಹಿ ಮಾಡಬೇಕು. ಶಾಸನದಲ್ಲಿ ಊರಿನ ಹೆಸರು ‘ಪಲ್ಮಡಿ’ ಎಂದಿದೆ. ಎಲ್ಲಿ ‘ಪಲ್ಮಡಿ’, ಎಲ್ಲಿ ‘ಹಲ್ಮಿಡಿ’ ಎಂದು ಓದಬೇಕೆಂಬುದನ್ನೂ ಅವರೇ ಗುರುತಿಸಲಿ. ಆ ಸಹಿಯಿಲ್ಲದೆ ವಾಚಕರು ಧ್ವನಿಮುದ್ರಣಕ್ಕೆ ಕೂರಬಾರದು. ಎರಡನೆಯದು ಧ್ವನಿಗೆ: ಚಿತ್ರ ಜೋಡಿಸುವ ಮೊದಲೇ ವಿದ್ವಾಂಸರು ಉಚ್ಚಾರಣೆಯನ್ನೂ ಸಂಕಲನಕಾರರು ಸದ್ದುಗದ್ದಲವನ್ನೂ ಕೇಳಿ ಒಪ್ಪಬೇಕು. ಮೂರನೆಯದು ಸಿದ್ಧ ವಿಡಿಯೋಗೆ: ಚಿತ್ರ, ಅಡಿಬರಹಗಳು ಒಪ್ಪಿದ ಬರಹಕ್ಕೆ ಹೊಂದುವುವೇ ಎಂಬುದಷ್ಟೇ ಅಲ್ಲಿನ ಪ್ರಶ್ನೆ.

ಈ ಕಡೆಯ ಹಂತದಲ್ಲಿ ಸ್ಪಷ್ಟ ತಪ್ಪು ಕಂಡರೆ ತಿದ್ದಲೇಬೇಕು. ಹೊಸ ವಿಚಾರ ಹೊಳೆದರೆ ಅದು ಮುಂದಿನ ವಿಡಿಯೋಗೆ ಸಲ್ಲಲಿ. ಈ ಗೆರೆಯನ್ನು ಎಳೆಯದಿದ್ದರೆ ಬಿಡುವಿಲ್ಲದವರ ಬಿಡುವು ಮಣ್ಣುಪಾಲಾಗುತ್ತದೆ.