ಹಾಡಿನ ಮಾತ್ರೆ ಎಣಿಸುವಾಗ

ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ನಿಂತು ದಿನವಿಡೀ ಮಾತ್ರೆ ಎಣಿಸುವ ನಮಗೆ, ಕಳೆದ ರಾಜ್ಯೋತ್ಸವದ ತಯಾರಿಯಲ್ಲಿ ಬೇರೆ ಬಗೆಯ ಮಾತ್ರೆ ಎಣಿಸುವ ಕೆಲಸ ಬಂತು. ಹಲವು ವರ್ಷಗಳಿಂದ ನಮ್ಮ ಕೂಟದಲ್ಲಿ ಹಾಡುತ್ತಿದ್ದ, ನಾವೇ ಬರೆದ ನಿಧಾನಗತಿಯ ಹಾಡೊಂದಿದೆ. ಈ ಸಲ ಮಕ್ಕಳು ಅದಕ್ಕೆ ತಮಟೆ ಹಾಕಿ ಕುಣಿಯುತ್ತೇವೆ ಎಂದು ಹಟ ಹಿಡಿದರು. ಹಾಡಿನ ಪಲ್ಲವಿ ಇದು:

ಊರ ಮನೆಯ ಬಾಗಿಲಲ್ಲಿ ದೀಪವೊಂದು ಬೆಳಗಿದೆ
ಮರಳಿ ಬರುವ ಮಗನ ಹೆಜ್ಜೆ ಸದ್ದಿಗಾಗಿ ಕಾದಿದೆ

ಶಾಲೆಯಲ್ಲಿ ಕಲಿತ ಲಘು, ಗುರು ನೆನಪಿರಬಹುದು. ಗಿಡ್ಡ ಅಕ್ಷರಕ್ಕೆ ಒಂದು ಮಾತ್ರೆ. ದೀರ್ಘಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ, ಸೊನ್ನೆ ಇರುವ ಅಕ್ಷರಕ್ಕೆ ಎರಡು. ಹಾಗೆ ಎಣಿಸಿದರೆ ಈ ಸಾಲುಗಳು ಮೂರು ಮಾತ್ರೆಗಳ ಗುಂಪಿನಲ್ಲಿ ನಡೆಯುತ್ತವೆ: ಊರ, ಮನೆಯ, ಬಾಗಿ, ಲಲ್ಲಿ, ದೀಪ, ವೊಂದು, ಬೆಳಗಿ, ಕೊನೆಗೆ ಎಳೆದು ಹಾಡುವ ದೆ. ಗುಂಪಿಗೊಂದು ತಾಳದ ಬಡಿತ, ಸಾಲಿಗೆ ಎಂಟು ಬಡಿತ. ಎರಡೂ ಸಾಲು ಸೇರಿ 35 ಅಕ್ಷರ, 16 ಬಡಿತ.

ಹಳೆಯ ಧಾಟಿಯಲ್ಲಿ ನಿಮಿಷಕ್ಕೆ 60 ಬಡಿತ. ಅಂದರೆ ಎರಡು ಸಾಲಿಗೆ 16 ಸೆಕೆಂಡು, ಸೆಕೆಂಡಿಗೆ ಎರಡೇ ಚಿಲ್ಲರೆ ಅಕ್ಷರ. ಮಕ್ಕಳು ಕೇಳಿದ್ದು ನಿಮಿಷಕ್ಕೆ 150. ಅದೇ ಸಾಹಿತ್ಯ ಆಗ ಆರೂವರೆ ಸೆಕೆಂಡಿನೊಳಗೆ ಮುಗಿಯಬೇಕು. ಸೆಕೆಂಡಿಗೆ ಐದೂವರೆ ಅಕ್ಷರ ಎಂದರೆ ಮಾತಾಡುವ ವೇಗ. ಕುಣಿಯುತ್ತಾ ಹಾಡುವವರಿಗೆ ಉಸಿರು ತೆಗೆದುಕೊಳ್ಳಲು ಎಡೆಯೇ ಇಲ್ಲ.

ಮೊದಲ ರಿಹರ್ಸಲ್‌ನಲ್ಲಿ ಹಾಗೆಯೇ ಹಾಡಿಸಿ ನೋಡಿದೆವು. ನಾಲಿಗೆ ತೊಡರಿದ್ದು ಎರಡು ಕಡೆ. ಮೊದಲನೆಯದು 'ಮರಳಿ ಬರುವ ಮಗನ'. ಒಂಬತ್ತೂ ಲಘು ಅಕ್ಷರಗಳೇ, ಅವಕ್ಕೆ ಸಿಗುವುದು ಮೂರೇ ಬಡಿತ, ಅಂದರೆ ಒಂದೂಕಾಲು ಸೆಕೆಂಡಿಗಿಂತ ಕಡಿಮೆ. ಅದೇ ಮೂರು ಬಡಿತದಲ್ಲಿ 'ಊರ ದೀಪ ಹೆಜ್ಜೆ' ಎಂದರೆ ಆರೇ ಅಕ್ಷರ, ಸಲೀಸು. ಹಾಗಾಗಿ ಒಟ್ಟು ಎಷ್ಟು ಅಕ್ಷರ ಎಂಬುದಷ್ಟೇ ಲೆಕ್ಕವಲ್ಲ. ವೇಗದ ಹಾಡಿನಲ್ಲಿ ಲಘುಗಳು ಸಾಲುಗಟ್ಟಿ ನಿಂತ ಜಾಗವನ್ನೇ ಮೊದಲು ಹುಡುಕಬೇಕು.

ಎರಡನೆಯದು ಸಾಲಿನ ಕೊನೆ. ಉಸಿರು ಮುಗಿದ ಮಕ್ಕಳು 'ಕಾದಿದೆ'ಯ ದೀರ್ಘವನ್ನು ನುಂಗಿ, ದಕಾರವನ್ನು ಒತ್ತಿ ಹೇಳಿದರು. ಹಿಂದೆ ಕೂತಿದ್ದ ಹಿರಿಯರೊಬ್ಬರು, "ಏನ್ರಪ್ಪಾ, ದೀಪ ಏನನ್ನ ಕದ್ದಿದೆ?" ಎಂದರು. ನಗುವೇನೋ ಬಂತು. ಆದರೆ ಕನ್ನಡದಲ್ಲಿ ದೀರ್ಘ ಹೋದರೆ ಅರ್ಥವೂ ಹೋಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಮೊದಲು ಆಡುಮಾತಿನ ದಾರಿ ಹಿಡಿದೆವು. 'ಬರುವ' ಎಂಬಲ್ಲಿ 'ಬರೋ' ಎಂದರೆ ಮಾತ್ರೆ ಮೂರೇ ಉಳಿದು ಅಕ್ಷರ ಎರಡಕ್ಕೆ ಇಳಿಯುತ್ತದೆ. ಉಪಾಯ ಒಳ್ಳೆಯದೇ, ಆದರೆ ಹೀಗೆ ಉಳಿದದ್ದು ಒಂದೇ ಅಕ್ಷರ. 'ಸದ್ದಿಗಾಗಿ' ಎಂಬ ಗ್ರಂಥದ ಮಾತಿನ ಪಕ್ಕದಲ್ಲಿ ಅದು ಬೇರೆ ಹಾಡಿನಿಂದ ತಂದು ಅಂಟಿಸಿದಂತೆಯೂ ಕೇಳಿತು.

ಆಮೇಲೆ ಕತ್ತರಿ ಹಿಡಿದೆವು. 'ಊರ ದೀಪ ಕಾದಿದೆ' ಎಂದು ಏಳು ಅಕ್ಷರಕ್ಕೆ ಇಳಿಸಿದೆವು. ತಾಳಕ್ಕೆ ಚೆನ್ನಾಗಿ ಕೂತಿತು. ಹಳೆಯ ಹಾಡನ್ನು ಕೇಳಿರದ ಹೊಸ ಸದಸ್ಯರೊಬ್ಬರಿಗೆ ಹಾಡಿ ತೋರಿಸಿ, ಏನು ಅರ್ಥವಾಯಿತು ಎಂದು ಕೇಳಿದೆವು. "ಬೀದಿದೀಪದ ವಿಷಯ ಅಲ್ವಾ ಸರ್?" ಎಂದರು. ಯಾರಿಗಾಗಿ ಕಾದಿದೆ ಎಂಬುದೇ ಕತ್ತರಿಗೆ ಸಿಕ್ಕಿ ಹೋಗಿತ್ತು. ಅಂದಿನಿಂದ ಈ ಪರೀಕ್ಷೆಯನ್ನು ಬಿಟ್ಟಿಲ್ಲ: ಹಳೆಯ ಹಾಡು ಗೊತ್ತಿದ್ದವರಿಗೆ ಕತ್ತರಿಸಿದ್ದೂ ಕೇಳಿಸುತ್ತಿರುತ್ತದೆ, ಗೊತ್ತಿಲ್ಲದವರನ್ನೇ ಕೇಳಬೇಕು.

ಮತ್ತೆ ಕೂತು, ಹಾಡಿನ ತಿರುಳನ್ನು ಹಾಡಿನ ಮಾತಿಲ್ಲದೆ ಒಂದು ವಾಕ್ಯದಲ್ಲಿ ಬರೆದುಕೊಂಡೆವು: ಪರದೇಶದಲ್ಲಿರುವ ಮಗ ಬರಲೆಂದು ಮನೆಯವರು ಇನ್ನೂ ದೀಪ ಆರಿಸಿಲ್ಲ. ಆಮೇಲೆ ಒಂದೊಂದೇ ಪದವನ್ನು ಇದರ ಪಕ್ಕಕ್ಕೆ ಹಿಡಿದು ನೋಡಿದೆವು. ಬಾಗಿಲು ಇದ್ದರೆ ಮನೆ ಇದ್ದೇ ಇದೆ. 'ಊರ ಮನೆಯ' ಹೋಗಲಿ. ಆದರೆ 'ಊರ' ಉಳಿಸಿ 'ಮನೆಯ' ಮಾತ್ರ ತೆಗೆದರೆ ಅದು ಊರಬಾಗಿಲು ಆಗಿಬಿಡುತ್ತದೆ, ಹಾಗಾಗಿ ಎರಡೂ ಒಟ್ಟಿಗೇ ಹೋಗಬೇಕು. ದೀಪ ಎಂದಮೇಲೆ 'ಬೆಳಗಿದೆ' ಬೇಡ. ಕಾಯುತ್ತಿದ್ದಾರೆ ಎಂದರೆ 'ಮರಳಿ ಬರುವ' ಬೇಡ. ಉಳಿದದ್ದು ಬಾಗಿಲು, ದೀಪ, ಮಗ, ಕಾಯುವುದು.

ತೊಡಕಾದದ್ದು 'ಹೆಜ್ಜೆ ಸದ್ದಿಗಾಗಿ'. ಆ 'ಗಾಗಿ' ಅರ್ಥಕ್ಕೆ ಬೇಕು, ತಾಳಕ್ಕೆ ಭಾರ. ನಮ್ಮ ತಾಯಂದಿರು ಫೋನಿನಲ್ಲಿ ಹೇಳುವ ಮಾತೇ ಇಲ್ಲಿ ಕೈಹಿಡಿಯಿತು: "ನಿನ್ನ ದಾರಿ ಕಾಯ್ತಾ ಇದ್ದೀನಿ." ದಾರಿ ಕಾಯುವುದು ಎಂದಾಗ ಪ್ರತ್ಯಯದ ಬಾಲ ಬೇಕಾಗುವುದಿಲ್ಲ. ಪಲ್ಲವಿ ಹೀಗಾಯಿತು:

ಬಾಗಿಲಲ್ಲಿ ದೀಪ
ಮಗನ ದಾರಿ ಕಾದಿದೆ

35 ಅಕ್ಷರ 14ಕ್ಕೆ ಇಳಿದವು. ಗುಂಪು ಮಾತ್ರ ಅದೇ ಮೂರು ಮಾತ್ರೆಯದು: ಬಾಗಿ, ಲಲ್ಲಿ, ದೀಪ, ಒಂದು ಖಾಲಿ ಬಡಿತ, ಮಗನ, ದಾರಿ, ಕಾದಿ, ಎಳೆದ ದೆ. ಒಟ್ಟು ಎಂಟು ಬಡಿತ, ಮೂರು ಸೆಕೆಂಡಿಗೆ ಸ್ವಲ್ಪ ಹೆಚ್ಚು. ಒಬ್ಬರು ಹೇಳಿ ಉಳಿದವರು ಮರುಹಾಡಿದರೆ ಹಳೆಯ 16 ಬಡಿತ ತುಂಬುತ್ತದೆ, ಹೇಳಿದವರಿಗೆ ಆ ಹೊತ್ತಿನಲ್ಲಿ ಉಸಿರಾಡಲು ಬಿಡುವು ಸಿಗುತ್ತದೆ. ಮೂರು ಲಘುಗಳ ಗುಂಪು 'ಮಗನ' ಒಂದೇ ಉಳಿಯಿತು. ಪ್ರಾಸವೂ ಉಳಿಯಿತು. ಮೊದಲು ಊರ, ಮರಳಿ ಎಂಬಲ್ಲಿ ಎರಡನೆಯ ಅಕ್ಷರ ರಕಾರವಿತ್ತು. ಈಗ ಬಾಗಿ, ಮಗನ ಎಂಬಲ್ಲಿ ಗಕಾರ. ಮೊದಲಕ್ಷರ ಒಂದು ಗುರು, ಇನ್ನೊಂದು ಲಘುವಾದ್ದರಿಂದ ಹಳೆಯ ಛಂದಸ್ಸಿನ ಲೆಕ್ಕಕ್ಕೆ ಎರಡೂ ಶುದ್ಧ ಪ್ರಾಸವಲ್ಲ, ಆದರೆ ಕಿವಿಗೆ ಸಾಕು.

ಅಲ್ಲಿಗೆ ಮುಗಿಯಲಿಲ್ಲ. ನೈಟ್ ಡ್ಯೂಟಿ ಮುಗಿಸಿ ಬಂದಿದ್ದ ನಮ್ಮ ನರ್ಸ್ ಅಕ್ಕ ಒಬ್ಬರು, "ಬರೀ ಮಗನ ದಾರಿನಾ? ನಮ್ಮಮ್ಮ ಏನು ದೀಪ ಆರಿಸಿ ಮಲಗಿದ್ದಾರಾ?" ಎಂದು ಕೇಳಿದರು. ಇಷ್ಟು ವರ್ಷ ನಮಗ್ಯಾರಿಗೂ ಇದು ಹೊಳೆದಿರಲಿಲ್ಲ. ಮಗನ, ಮಗಳ, ಎರಡಕ್ಕೂ ಮೂರು ಮಾತ್ರೆ, ಪ್ರಾಸದ ಗಕಾರವೂ ಅದೇ. ಹೇಳುವಾಗ 'ಮಗನ', ಮರುಹಾಡುವಾಗ 'ಮಗಳ' ಎಂದು ಮಾಡಿದೆವು.

ಹೆಜ್ಜೆಯ ಸದ್ದು ಹೋಯಿತಲ್ಲ ಎಂಬ ಕೊರಗು ಇತ್ತು. 'ದೀಪ'ದ ನಂತರದ ಖಾಲಿ ಬಡಿತದಲ್ಲಿ ಮಕ್ಕಳು ಒಟ್ಟಿಗೆ ಕಾಲು ಅಪ್ಪಳಿಸುವಂತೆ ಕುಣಿತ ಹೊಂದಿಸಿದೆವು. ಮಾತಿನಿಂದ ತೆಗೆದ ಹೆಜ್ಜೆ ನೆಲದಲ್ಲಿ ಕೇಳಿಸಿತು.

ಆದರೆ ಮೂರನೆಯ ಚರಣ ಬಗ್ಗಲಿಲ್ಲ. ಅದರಲ್ಲಿ ಮಗ ಬಂದು ನೋಡುವಾಗ ದೀಪ ಇದೆ, ದೀಪ ಹಚ್ಚಿದ ಅಮ್ಮ ಇಲ್ಲ. ಅಕ್ಷರ ಎಷ್ಟು ಇಳಿಸಿದರೂ ತಮಟೆಯ ಮೇಲೆ ಅದು ಹುಡುಗಾಟದಂತೆ ಕೇಳುತ್ತಿತ್ತು. ಅಮ್ಮನ ಕೊನೆಯ ದರ್ಶನಕ್ಕೆ ಟಿಕೆಟ್ ಸಿಗದೆ ಇಲ್ಲೇ ಉಳಿದವರು ನಮ್ಮ ನಡುವೆಯೇ ಇದ್ದಾರೆ. ಒಂದು ಅಕ್ಷರವನ್ನೂ ಮುಟ್ಟದೆ, ಕುಣಿತ ಶುರುವಾಗುವ ಮೊದಲು, ತಮಟೆ ಇಲ್ಲದೆ, 60ರ ನಡೆಯಲ್ಲೇ ಅದನ್ನು ಹಾಡಿಸಿದೆವು. ಆ ಚರಣ ಮುಗಿದ ಮೇಲೆ ತಮಟೆ ಎತ್ತಿಕೊಳ್ಳಲು ಮಕ್ಕಳಿಗೂ ಒಂದು ಕ್ಷಣ ಹಿಡಿಯಿತು.