ಕಲಿಯದ ತಿಂಗಳ ಶುಲ್ಕವೂ ಅದರ ಮೇಲಿನ ತೆರಿಗೆಯೂ

ಔರಾದ್‌ನ ಹುಡುಗಿಯೊಬ್ಬಳು ಬೀದರ್ ನಗರದಲ್ಲಿ ಹತ್ತು ತಿಂಗಳ ನೀಟ್ ಕೋಚಿಂಗ್‌ಗೆ ಸೇರಿದಳು ಎಂದಿಟ್ಟುಕೊಳ್ಳಿ. ಬೋಧನಾ ಶುಲ್ಕ 90,000, ನೋಂದಣಿ ಶುಲ್ಕ 10,000, ಶೇ 18ರ ಜಿಎಸ್‌ಟಿ 18,000. ತೊಗರಿ ಮಾರಿದ ದುಡ್ಡಿನಲ್ಲಿ ಅಪ್ಪ 1,18,000 ರೂಪಾಯಿಯನ್ನು ಒಂದೇ ಸಲ ಕಟ್ಟಿದ. ನಾಲ್ಕು ತಿಂಗಳಾದ ಮೇಲೆ ಹುಡುಗಿ ಕೋಚಿಂಗ್ ಬಿಟ್ಟಳು. ಹಣ ಕೇಳಲು ಹೋದರೆ ಕೌಂಟರ್‌ನಲ್ಲಿ ಸಿಗುವ ಉತ್ತರ: ‘ನೋಂದಣಿ ವಾಪಸ್ ಇಲ್ಲ, ಟ್ಯಾಕ್ಸ್ ಸರ್ಕಾರಕ್ಕೆ ಹೋಗಿಬಿಟ್ಟಿದೆ.’

ಈ ಎರಡನೆಯ ಮಾತನ್ನು ಹೆಚ್ಚಿನ ಪೋಷಕರು ನಂಬಿಬಿಡುತ್ತಾರೆ. ಉಳಿದ ಆರು ತಿಂಗಳ ಬೋಧನಾ ಶುಲ್ಕ 54,000. ಅದರ ಮೇಲಿನ ತೆರಿಗೆ 9,720. ಕೊಡದೇ ಉಳಿದ ಪಾಠಕ್ಕೆ ತೆರಿಗೆ ಎಲ್ಲಿಂದ ಬಂತು? ಸಿಜಿಎಸ್‌ಟಿ ಕಾಯ್ದೆಯ 34ನೇ ಕಲಂ ಪ್ರಕಾರ ಬಿಲ್ಲಿನ ಮೊತ್ತ ಕೊಡಬೇಕಾದದ್ದಕ್ಕಿಂತ ಹೆಚ್ಚಾಗಿದ್ದರೆ ಸಂಸ್ಥೆ ‘ಕ್ರೆಡಿಟ್ ನೋಟ್’ ಕೊಟ್ಟು ತನ್ನ ಮುಂದಿನ ತೆರಿಗೆಯಲ್ಲಿ ಅದನ್ನು ಕಳೆದುಕೊಳ್ಳಬಹುದು. ಗಡುವು, ಆ ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ಸಂಸ್ಥೆ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅದು. ಅಂದರೆ 2025ರ ಜೂನ್‌ನಲ್ಲಿ ಕಟ್ಟಿದ ತೆರಿಗೆಗೆ, ಆ ರಿಟರ್ನ್ ಮೊದಲೇ ಸಲ್ಲಿಕೆಯಾಗದಿದ್ದರೆ, 2026ರ ನವೆಂಬರ್‌ವರೆಗೂ ದಾರಿ. ಈ ತೆರಿಗೆಯನ್ನು ವಾಪಸ್ ಕೊಡುವ ಮನಸ್ಸಿದ್ದರೆ ಅದಕ್ಕಾಗಿ ಸಂಸ್ಥೆಯ ಕೈಯಿಂದ ಒಂದು ಪೈಸೆ ಹೋಗುವುದಿಲ್ಲ.

ಮೊದಲು ರಸೀದಿ ನೋಡಿ. ಕರ್ನಾಟಕದಲ್ಲಿ ನೋಂದಾಯಿತ ಸಂಸ್ಥೆಯಾದರೆ ಅದರಲ್ಲಿ 29ರಿಂದ ಶುರುವಾಗುವ 15 ಅಕ್ಷರ-ಅಂಕಿಗಳ ಜಿಎಸ್‌ಟಿ ಸಂಖ್ಯೆ ಇರಬೇಕು. ಜಿಎಸ್‌ಟಿ ನೋಂದಣಿಯೇ ಇಲ್ಲದವರು ತೆರಿಗೆಯ ಹೆಸರಿನಲ್ಲಿ ವಸೂಲು ಮಾಡಿದ್ದರೆ ಆ ಹಣ ಸರ್ಕಾರಕ್ಕೆ ಹೋಗಿದೆ ಎಂಬ ಮಾತೇ ಸುಳ್ಳು.

ನೋಂದಣಿ ಶುಲ್ಕದ ಪ್ರಶ್ನೆ ಇಷ್ಟು ನೇರವಲ್ಲ. ಪ್ರವೇಶ ಪರೀಕ್ಷೆ, ಗುರುತಿನ ಚೀಟಿ, ಕೊಟ್ಟ ಪುಸ್ತಕಗಳ ಖರ್ಚನ್ನು ಸಂಸ್ಥೆ ಹಿಡಿದುಕೊಂಡರೆ ನನ್ನ ತಕರಾರಿಲ್ಲ. ಆದರೆ ಬೋಧನಾ ಶುಲ್ಕದ ಒಂದು ತುಂಡಿಗೇ ‘ನೋಂದಣಿ’ ಎಂದು ಹೆಸರಿಟ್ಟರೆ ಅದು ಹಿಡಿದಿಟ್ಟುಕೊಳ್ಳುವ ಉಪಾಯ ಅಷ್ಟೆ. ಯಾವುದಕ್ಕೆ ಎಷ್ಟು ಎಂಬ ಲೆಕ್ಕವನ್ನು ಬರಹದಲ್ಲೇ ಕೇಳಬೇಕು.

ಕೇಂದ್ರ ಶಿಕ್ಷಣ ಸಚಿವಾಲಯದ 2024ರ ಜನವರಿಯ ಮಾರ್ಗಸೂಚಿ, ಪೂರ್ತಿ ಶುಲ್ಕ ಕಟ್ಟಿ ಮಧ್ಯದಲ್ಲಿ ಬಿಟ್ಟವರಿಗೆ ಉಳಿದ ಅವಧಿಯ ಹಣವನ್ನು 10 ದಿನದೊಳಗೆ ಕೊಡಿ ಎನ್ನುತ್ತದೆ; ಹಾಸ್ಟೆಲ್, ಮೆಸ್‌ನ ಶುಲ್ಕಕ್ಕೂ ಇದೇ ಮಾತು. ಆದರೆ ಅದು ಮಾರ್ಗಸೂಚಿ, ತನ್ನಷ್ಟಕ್ಕೆ ಕಾಯ್ದೆಯಲ್ಲ. ಹಕ್ಕಿನ ಗಟ್ಟಿ ನೆಲೆ ಗ್ರಾಹಕ ಕಾಯ್ದೆಯಲ್ಲಿದೆ. ಶಾಲೆ, ಕಾಲೇಜುಗಳನ್ನು ಅದರಿಂದ ಹೊರಗಿಟ್ಟ ರಾಷ್ಟ್ರೀಯ ಗ್ರಾಹಕ ಆಯೋಗ, 2020ರ ಮನು ಸೋಲಂಕಿ ಪ್ರಕರಣದಲ್ಲಿ ಕೋಚಿಂಗ್ ಸಂಸ್ಥೆಗಳನ್ನು ಮಾತ್ರ ಒಳಗೇ ಉಳಿಸಿತು.

ಬಾಯಿಮಾತಿನಲ್ಲಿ ಬಿಟ್ಟು ಬಂದರೆ ಕೇಸು ಸಡಿಲಾಗುತ್ತದೆ, ಬಿಟ್ಟ ದಿನ ಯಾವುದೆಂಬುದೇ ಜಗಳವಾಗುತ್ತದೆ. ಅಂದೇ ಅರ್ಜಿ ಕೊಟ್ಟು ಸ್ವೀಕೃತಿ ಸಹಿ ಪಡೆಯಿರಿ, ಇಲ್ಲವೇ ಇಮೇಲ್ ಕಳಿಸಿ. ಉತ್ತರ ಬಾರದಿದ್ದರೆ 1915ಕ್ಕೆ ಕರೆ, ನಂತರ ಬೀದರ್ ಜಿಲ್ಲಾ ಗ್ರಾಹಕ ಆಯೋಗ. ಭಾಲ್ಕಿಯಲ್ಲೋ ಔರಾದ್‌ನಲ್ಲೋ ಕುಳಿತೇ ಆನ್‌ಲೈನ್‌ನಲ್ಲಿ ದೂರು ಸಲ್ಲಿಸಬಹುದು. ಕಟ್ಟಿದ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ಗಡುವು ಎರಡು ವರ್ಷ.