ಉಗುರೂ ಕೊಡಲಿಯೂ

ಇಂಗ್ಲಿಷಿನ ಸೂಜಿದಾರದ ಗಾದೆಯೊಂದನ್ನು ‘ಸಕಾಲದ ಒಂದು ಹೊಲಿಗೆ ಒಂಬತ್ತನ್ನು ಉಳಿಸುವುದು’ ಎಂದು ಪದಕ್ಕೆ ಪದವಿಟ್ಟು ಅಚ್ಚುಮಾಡಿ, ಅದರ ಕೆಳಗೆ ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ’ ಎಂಬುದೇ ಕನ್ನಡದ ಸಮಾನ ಗಾದೆಯೆಂದು ಸಾರಿರುವ ನಮ್ಮ ಸಮಕಾಲೀನ ಪತ್ರಿಕೆಯನ್ನು ಕಂಡು ಸುಮ್ಮನಿರಲು ನಮಗೆ ಸಾಧ್ಯವಾಗಲಿಲ್ಲ. ಈ ತಪ್ಪು ಶಾಲೆಯ ಕೈಪಿಡಿಗಳಿಗೂ ಹಬ್ಬಿ ಮಕ್ಕಳಿಗೆ ಬಾಯಿಪಾಠವಾಗುತ್ತಿದೆ.

ಥಾಮಸ್ ಫುಲ್ಲರ್ ಎಂಬ ವೈದ್ಯನು 1732ರಲ್ಲಿ ಪ್ರಕಟಿಸಿದ ಗಾದೆಗಳ ಸಂಗ್ರಹದಲ್ಲಿ ಈ ಮಾತು ‘ಒಂಬತ್ತನ್ನು ಉಳಿಸೀತು’ ಎಂಬ ಸಂಭಾವನಾರ್ಥದಲ್ಲಿದೆ. ಒಂಬತ್ತಕ್ಕೆ ಲೆಕ್ಕದ ಆಧಾರವೇನೂ ಇಲ್ಲ. ‘ಟೈಮ್’, ‘ನೈನ್’ ಎಂಬೆರಡರ ಸ್ವರಮೈತ್ರಿಯೇ ಆ ಸಂಖ್ಯೆಯನ್ನು ತಂದಿರಬೇಕು. ಬಿಚ್ಚಿದ ಹೊಲಿಗೆಯ ಭಾರವು ಪಕ್ಕದ ಹೊಲಿಗೆಯ ಮೇಲೆ ಬಿದ್ದು ಅದನ್ನೂ ಬಿಚ್ಚುವುದಾದಕಾರಣ, ತಡಮಾಡಿದವನು ಹೆಚ್ಚು ದುಡಿಯಬೇಕಾಗುವುದು, ಅಷ್ಟೆ; ಬಟ್ಟೆಯನ್ನು ಕಳೆದುಕೊಳ್ಳುವುದಿಲ್ಲ. ಗಿಡಮರದ ಗಾದೆಯಾದರೋ ಕಾಲ ಮೀರಿದ ಮೇಲೆ ಬಗ್ಗಿಸುವುದೇ ಅಸಾಧ್ಯವೆನ್ನುತ್ತದೆ. ಅದನ್ನು ನಾವಾಡುವುದು ಮಕ್ಕಳ ನಡತೆಯ ವಿಷಯದಲ್ಲಿ. ಒಂದು ಶ್ರಮದ ವೃದ್ಧಿ, ಇನ್ನೊಂದು ಅವಕಾಶದ ನಾಶ. ಇವೆರಡನ್ನೂ ಸಮವೆನ್ನುವುದು ಹೇಗೆ?

ಸರಿಯಾದ ಜೋಡಿ ‘ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ’ ಎಂಬುದು. ಮೂಡಿಗೆರೆ, ಕಳಸಗಳ ಕಾಫಿತೋಟಗಳಲ್ಲಿ ಇದು ಉಪಮೆಯಲ್ಲ, ಕೆಲಸ. ಕುಯಿಲು ಮುಗಿದು ಗಿಡಗಳ ಕಸಿಯಾದ ಮೇಲೆ ಮಳೆ ಬಿದ್ದರೆ, ಕಾಂಡದಿಂದ ನೆಟ್ಟಗೆ ಮೇಲೇಳುವ ಚಿಗುರುಗಳು ಫಲವೀಯದೆ ಗಿಡದ ಸಾರವನ್ನು ಹೀರತೊಡಗುತ್ತವೆ. ಎಳೆಯದಾಗಿರುವಾಗ ಚಿಗುರು ತೆಗೆಯಲು ಬಂದ ಹೆಂಗಸು ಹೆಬ್ಬೆರಳಿನಿಂದ ಬುಡವನ್ನೊತ್ತಿದರೆ ಅದು ಚಟಕ್ಕನೆ ಕಳಚಿ ಬರುವುದು. ಮುಂದಿನ ಸುತ್ತಿನವರೆಗೆ ಬಿಟ್ಟರೆ ಹಸಿರು ಕಾಂಡ ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತದೆ. ಎಳೆದರೆ ತಾಯಿಕಾಂಡದ ತೊಗಟೆಯೂ ಜೊತೆಗೆ ಸೀಳುವುದು. ಕತ್ತಿಯಿಂದ ಕಡಿದು ಮೋಟು ಉಳಿಸಿದರೆ ಆ ಮೋಟಿನಿಂದಲೇ ಮತ್ತೆರಡು ಚಿಗುರು ಏಳುತ್ತವೆ. ಅದನ್ನೂ ಅಲಕ್ಷಿಸಿದವನಿಗೆ ಕೊನೆಗೆ ಗರಗಸವೇ ಗತಿ. ಕೆಲಸ ಸಾಧ್ಯವೇ, ಆದರೆ ಶ್ರಮ ಹೆಚ್ಚು: ಇದೇ ಆ ಸೂಜಿಯ ಗಾದೆಯ ಹೃದಯ.

ನಮ್ಮ ಜೋಡಿಗೂ ಒಂದು ಮಿತಿಯುಂಟು. ಸಣ್ಣ ಜಗಳಕ್ಕೆ ಪೋಲೀಸರನ್ನು ಕರೆದವನಿಗೆ ಹಿರಿಯರು ಇದೇ ಗಾದೆಯನ್ನು ಹೇಳಿದಾಗ ಅಲ್ಲಿ ತಡದ ಮಾತೇ ಇಲ್ಲ, ಅತಿಬಲದ ನಿಂದೆ ಮಾತ್ರ. ಆ ಸಂದರ್ಭದಲ್ಲಿ ಸೂಜಿದಾರದ ಗಾದೆಯನ್ನು ಅದರ ಪಕ್ಕದಲ್ಲಿಡುವುದು ತಪ್ಪು. ಕಿಟ್ಟೆಲರ 1894ರ ನಿಘಂಟು ಗಾದೆಗಳನ್ನು ಆಯಾ ಶಬ್ದದ ಕೆಳಗೆ ಜೋಡಿಸಿದುದು ನಿಘಂಟಿಗೆ ಉಚಿತವೇ. ಸಮಾನ ಗಾದೆಯನ್ನು ಅರಸುವವನು ಮಾತ್ರ ಶಬ್ದವನ್ನು ಬಿಟ್ಟು, ಆ ಮಾತನ್ನು ಯಾರು ಯಾರಿಗೆ ಯಾವಾಗ ಆಡುವರೆಂಬುದನ್ನು ವಿಚಾರಿಸಬೇಕು.

ಈ ಸಂಚಿಕೆಯನ್ನು ಗಾದೆಗಳಿಗೆ ಮೀಸಲಿಟ್ಟಿದ್ದೇವೆ. ಆಡುವ ಸಂದರ್ಭವನ್ನು ಬರೆಯದೆ ಕಳುಹಿಸಿದ ಜೋಡಿಗಳನ್ನು ಹಿಂದಿರುಗಿಸಿದ್ದೇವೆ.